ಪ್ರೆಸ್ಸಿಗೆ ಕೊಡುವ ಚೀಟಿ

"ಮೂರು ಸಾವಿರ ಕರಪತ್ರ ಬೇಕು, ಬೇಗ ಮಾಡಿಕೊಡಿ, ಚೆನ್ನಾಗಿ ಬರಲಿ." ತಾಲ್ಲೂಕು ಕೇಂದ್ರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಹೇಳಿದವರ ಕಣ್ಣಮುಂದೆ ಕರಪತ್ರ ಆಗಲೇ ಸಿದ್ಧವಾಗಿ ನಿಂತಿರುತ್ತದೆ. ಪ್ರೆಸ್ಸಿನವರಿಗೆ ಗೊತ್ತಾದದ್ದು ಮಾತ್ರ ಎಣಿಕೆ ಒಂದೇ. ಉಳಿದದ್ದನ್ನು ಅವರು ಅಂದಾಜಿನ ಮೇಲೆ ತುಂಬಿಕೊಳ್ಳಬೇಕು: ಕಪಾಟಿನಲ್ಲಿ ಇರುವ ಕಾಗದ, ಯಂತ್ರದಲ್ಲಿ ನಡೆಯುತ್ತಿರುವ ಬಣ್ಣ, ಬಿಡುವಾದ ದಿನ. ಮಾಲು ಕೈಗೆ ಬಂದ ಮೇಲೆ "ನಾವು ಹೇಳಿದ್ದು ಇದಲ್ಲ" ಎಂಬ ಜಗಳ ಹುಟ್ಟುವುದು ಇಲ್ಲಿಂದಲೇ. ಆರೇಳು ಸಾಲಿನ ಒಂದು ಚೀಟಿ ಬರೆದುಕೊಟ್ಟರೆ ಈ ಅಂದಾಜಿಗೆ ಜಾಗವೇ ಇರುವುದಿಲ್ಲ.

ಹಾವೇರಿ ಜಿಲ್ಲೆಯ ಒಂದು ಹೋಬಳಿಯಲ್ಲಿ ಯುವಕ ಸಂಘವೊಂದು ನವೆಂಬರ್ 22ರ ಭಾನುವಾರ ಕಣ್ಣು ತಪಾಸಣಾ ಶಿಬಿರ ಇಟ್ಟುಕೊಂಡಿದೆ ಎಂದುಕೊಳ್ಳೋಣ. 7ನೇ ತಾರೀಕು ಶನಿವಾರ ಸಂಘದವರು ಪ್ರೆಸ್ಸಿಗೆ ಕೊಟ್ಟ ಚೀಟಿ ಹೀಗಿರಬಹುದು:

"ನಮಸ್ಕಾರ. ಉಚಿತ ಕಣ್ಣು ತಪಾಸಣಾ ಶಿಬಿರದ ಕರಪತ್ರ. ಅಳತೆ 1/8 ಡೆಮಿ, ಕಟಿಂಗ್ ಆದ ಮೇಲೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಎರಡೂ ಬದಿ ಅಚ್ಚು, ಒಂದೇ ಬಣ್ಣ, ಕಡು ನೀಲಿ. ಅಂಚಿನವರೆಗೆ ಬಣ್ಣ ಬೇಡ, ಸುತ್ತಲೂ ಅರ್ಧ ಇಂಚು ಖಾಲಿ ಇರಲಿ. ಕಾಗದ 70 ಜಿಎಸ್‌ಎಂ ಬಿಳಿ ಮ್ಯಾಪ್‌ಲಿಥೊ. 3000 ಪ್ರತಿ, 4000 ಆದರೆ ಎಷ್ಟಾಗುತ್ತದೆ ಎಂಬುದನ್ನೂ ತಿಳಿಸಿ. ಮಡಿಕೆ ಬೇಡ, ನೂರರ ಕಟ್ಟು ಮಾಡಿ. ಪ್ರೂಫ್ 9ನೇ ತಾರೀಕು ಸೋಮವಾರ ಸಂಜೆಯೊಳಗೆ ಬೇಕು, ತಿದ್ದಿ 10ರ ಮಧ್ಯಾಹ್ನ 12ಕ್ಕೆ ಕೊಡುತ್ತೇವೆ. ಮಾಲು 13ನೇ ತಾರೀಕು ಶುಕ್ರವಾರ ಸಂಜೆ 5ಕ್ಕೆ ಸಿಗಬೇಕು. 15ರ ಭಾನುವಾರ ಪತ್ರಿಕೆಗಳ ಒಳಗಿಟ್ಟು ಹಂಚಿಸುವುದಿದೆ. ಪ್ರೂಫಿಗೆ ಸಹಿ ಹಾಕುವವರು ಸಂಘದ ಕಾರ್ಯದರ್ಶಿ ಒಬ್ಬರೇ."

ಇದರಲ್ಲಿ ಹೆಚ್ಚು ಹಣ ಉಳಿಸುವ ಸಾಲು ಅಳತೆಯದು. ಇಂದು ಬಹಳಷ್ಟು ಜನ ಕರಪತ್ರವನ್ನು ಕಂಪ್ಯೂಟರಿನಲ್ಲಿ ಎ5 ಅಳತೆಗೆ, ಅಂದರೆ 148 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಎತ್ತರಕ್ಕೆ ಹೊಂದಿಸಿ ತರುತ್ತಾರೆ. ಆದರೆ ಸಣ್ಣ ಪ್ರೆಸ್ಸುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಹಾಳೆಗಳಲ್ಲಿ ಒಂದು ಡೆಮಿ. ಅದರ ಅಳತೆ 18 ಇಂಚು, 23 ಇಂಚು. ಸಣ್ಣ ಆಫ್‌ಸೆಟ್ ಯಂತ್ರಕ್ಕೆ ಅದನ್ನು ಅರ್ಧಕ್ಕೆ ಕತ್ತರಿಸಿ, ಹನ್ನೊಂದೂವರೆ ಇಂಚು, 18 ಇಂಚಿನ ತುಂಡು ಮಾಡಿ ಹಾಕುತ್ತಾರೆ. ಈ ಅರ್ಧ ಹಾಳೆಯ ಮೇಲೆ 1/8 ಡೆಮಿಯ ಕರಪತ್ರ ನಾಲ್ಕು ಕೂರುತ್ತವೆ. ಎ5 ಆದರೆ ಮೂರೇ. ಎ5ರ ಎತ್ತರ ಎಂಟೂಕಾಲು ಇಂಚು. ಹನ್ನೊಂದೂವರೆ ಇಂಚಿನಲ್ಲಿ ಅದು ಒಂದು ಸಲ ಹಿಡಿಸಿ ಮೂರು ಇಂಚಿಗಿಂತ ಹೆಚ್ಚು ಕಾಗದ ಪಟ್ಟಿಯಾಗಿ ಮೂಲೆ ಸೇರುತ್ತದೆ. ಬಟ್ಟೆಯ ಪನ್ನ ನೋಡಿ ದರ್ಜಿ ಅಳತೆ ಹಾಕಿದಂತೆ, ಇಲ್ಲಿ ಹಾಳೆ ನೋಡಿ ಕರಪತ್ರದ ಅಳತೆ ಗೊತ್ತುಮಾಡಬೇಕು.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಒಂದು ಪೂರ್ತಿ ಡೆಮಿಗೆ ಎಂಟರಂತೆ 3000 ಪ್ರತಿಗೆ 375 ಹಾಳೆ. ಯಂತ್ರ ಹೊಂದಿಸುವಾಗ, ಮಸಿ ಸಮ ಬರುವವರೆಗೆ ಕೆಲವು ಹಾಳೆ ವೇಸ್ಟೇಜ್ ಆಗುತ್ತವೆ. ಅದಕ್ಕೆ 25 ಸೇರಿಸಿದರೆ 400. ಎ5 ಅಳತೆಯಲ್ಲಿ ಆರರಂತೆ ವೇಸ್ಟೇಜ್ ಬಿಟ್ಟೇ 500 ಹಾಳೆ, ಒಂದು ಪೂರ್ತಿ ರೀಮು. ನೋಡುವವರ ಕಣ್ಣಿಗೆ ಎರಡೂ ಕರಪತ್ರ ಹೆಚ್ಚುಕಡಿಮೆ ಒಂದೇ. ಎ4 ಅಳತೆಗೆ ಸರಿಹೊಂದುವ ಹಾಳೆ ಇಟ್ಟಿರುವ ಪ್ರೆಸ್ಸಿನಲ್ಲಿ ಈ ಲೆಕ್ಕ ತಿರುಗಿ ಬೀಳಬಹುದು. ಆದ್ದರಿಂದ ವಿನ್ಯಾಸ ಶುರುಮಾಡುವ ಮುನ್ನವೇ "ನಿಮ್ಮಲ್ಲಿ ಯಾವ ಹಾಳೆ ಓಡುತ್ತದೆ?" ಎಂದು ಕೇಳಿಕೊಳ್ಳಬೇಕು.

ನಾಲ್ಕು ಕೂರುವುದರಿಂದ ಇನ್ನೊಂದು ಲಾಭವೂ ಇದೆ. ಅರ್ಧ ಹಾಳೆಯಲ್ಲಿ ಎರಡು ಮುಂಬದಿ, ಎರಡು ಹಿಂಬದಿ ಜೋಡಿಸಿ ಒಂದೇ ಪ್ಲೇಟು ಮಾಡಬಹುದು. 750 ಅರ್ಧ ಹಾಳೆಗೆ ಒಂದು ಬದಿ ಅಚ್ಚು ಹಾಕಿ, ಒಣಗಿಸಿ, ಹಾಳೆ ಮಗುಚಿ, ಅದೇ ಪ್ಲೇಟಿನಿಂದ ಇನ್ನೊಂದು ಬದಿ ಹಾಕಿದರೆ ಪ್ರತಿ ಮುಂಬದಿಯ ಬೆನ್ನಿಗೆ ಹಿಂಬದಿ ಬಂದು ಕೂರುತ್ತದೆ. ಎರಡು ಪ್ಲೇಟಿನ ಬದಲು ಒಂದೇ ಸಾಕು. ಮೂರರ ಲೆಕ್ಕದಲ್ಲಿ ಈ ಜೋಡಣೆ ಸರಿಬರುವುದಿಲ್ಲ.

ಅಂಚಿನವರೆಗೆ ಬಣ್ಣ ಬೇಡ ಎಂಬ ಸಾಲನ್ನು ಜನ ಸಾಮಾನ್ಯವಾಗಿ ಬರೆಯುವುದಿಲ್ಲ. ಯಂತ್ರ ಹಾಳೆಯನ್ನು ಒಂದು ಅಂಚಿನಲ್ಲಿ ಗ್ರಿಪ್ಪರಿನಿಂದ ಹಿಡಿದು ಎಳೆಯುತ್ತದೆ. ಅಲ್ಲಿ ಮಸಿ ಬೀಳಲಾರದು. ಜೊತೆಗೆ ಕರಪತ್ರದ ಅಂಚಿಗೆ ಬಣ್ಣ ತಾಗಬೇಕಾದರೆ ಪ್ರತಿಯೊಂದರ ಸುತ್ತ 3 ಮಿಲಿಮೀಟರಿನಷ್ಟು ಬಣ್ಣ ಹೊರಗೆ ಚಾಚಿ, ಆಮೇಲೆ ಕತ್ತರಿಸಬೇಕು. ನಾಲ್ಕು ಕೂಡಿಸಿದ ಹಾಳೆಯಲ್ಲಿ ಉಳಿಯುವುದೇ ಅರ್ಧ ಇಂಚು. ಚಾಚು ಬಣ್ಣವೂ ಗ್ರಿಪ್ಪರೂ ಎರಡೂ ಅದರೊಳಗೆ ಹಿಡಿಸುವುದಿಲ್ಲ. ಬಣ್ಣದ ಹಿನ್ನೆಲೆ ಬೇಕೇಬೇಕು ಎನ್ನುವವರು ಕರಪತ್ರವನ್ನು ಚಿಕ್ಕದು ಮಾಡಬೇಕು ಅಥವಾ ದೊಡ್ಡ ಹಾಳೆಯ ಬೆಲೆ ಕೊಡಬೇಕು. ಬಣ್ಣದ ಕಾಗದದ ಮೇಲೆ ಕಪ್ಪು ಅಚ್ಚು ಹಾಕಿಸುವುದು ಇದಕ್ಕೆ ಅಗ್ಗದ ದಾರಿ. ಜಾತ್ರೆ, ನಾಟಕಗಳ ಗುಲಾಬಿ, ಹಳದಿ ಕರಪತ್ರಗಳು ದೂರಕ್ಕೇ ಕಣ್ಣಿಗೆ ಬೀಳುತ್ತವೆ, ನನಗೆ ಅವು ಇಂದಿಗೂ ಇಷ್ಟ.

ಕಾಗದದ ವಿಷಯಕ್ಕೆ ಬಂದರೆ, ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ. ಮ್ಯಾಪ್‌ಲಿಥೊ ಎಂದರೆ ಹೊಳಪಿಲ್ಲದ, ಬರೆಯಲೂ ಬರುವ ಬಿಳಿ ಕಾಗದ. ನಮ್ಮ ದಾಂಡೇಲಿಯ ಕಾರ್ಖಾನೆಯಲ್ಲೂ ತಯಾರಾಗುತ್ತದೆ. ಒಂದೇ ಬದಿಯ ಕರಪತ್ರಕ್ಕೆ 60 ಜಿಎಸ್‌ಎಂ ಸಾಕಾದೀತು. ಎರಡೂ ಬದಿಗೆ ಅಚ್ಚು ಹಾಕಿದರೆ ತೆಳು ಕಾಗದದಲ್ಲಿ ಹಿಂದಿನ ದಪ್ಪಕ್ಷರದ ತಲೆಬರಹ ಮುಂದಿನ ಸಾಲುಗಳ ನಡುವೆ ತೂರಿ ಕಾಣುತ್ತದೆ. ಈ ಶಿಬಿರಕ್ಕೆ ಬರುವವರೇ ಕಣ್ಣು ಮಂಜಾದ ಹಿರಿಯರು. ಅವರಿಗೆ ಕೊಡುವ ಹಾಳೆಯಲ್ಲಿ ಹೀಗಾಗಬಾರದು, ಹಾಗಾಗಿ 70. ಪ್ರೆಸ್ಸಿನಲ್ಲಿ ಎರಡೂ ಬದಿ ಅಚ್ಚಾದ ಹಳೆಯ ಮಾದರಿ ಕೇಳಿ ಬೆಳಕಿನಲ್ಲಿ ಓದಿ ನೋಡಿದರೆ ತೀರ್ಮಾನ ಸುಲಭ. ಹೊಳಪಿನ ಆರ್ಟ್ ಪೇಪರಿನಲ್ಲಿ ಫೋಟೊ ಚೆನ್ನಾಗಿ ಬರುತ್ತದೆ ನಿಜ. ಆದರೆ ಅದು ಮಸಿಯನ್ನು ಬೇಗ ಹೀರುವುದಿಲ್ಲ, ಒಣಗಲು ಹೆಚ್ಚು ಹೊತ್ತು ಬೇಕು, ಅದರ ಮೇಲೆ ಪೆನ್ನಿನಿಂದ ಒಂದು ಫೋನ್ ನಂಬರ್ ಬರೆದುಕೊಳ್ಳುವುದೂ ಕಷ್ಟ.

3000 ಎಂಬ ಸಂಖ್ಯೆ ಎಲ್ಲಿಂದ ಬಂತು? ಪತ್ರಿಕಾ ಏಜೆಂಟರನ್ನು ಮೊದಲೇ ವಿಚಾರಿಸಿದ್ದರಿಂದ. ಆ ಭಾಗದಲ್ಲಿ ಅವರು ಹಂಚುವ ಪತ್ರಿಕೆ 1800 ಆದರೆ ಉಳಿದ 1200 ಸಂತೆಗೆ, ಹಾಲಿನ ಡೇರಿಗೆ, ಸುತ್ತಲ ಹಳ್ಳಿಗೆ. 4000ದ ದರವನ್ನೂ ಕೇಳಿದ್ದಕ್ಕೆ ಕಾರಣವಿದೆ. ಟೈಪಿಂಗ್, ಪ್ಲೇಟು, ಯಂತ್ರ ಹೊಂದಿಸುವ ಕೂಲಿ ಇವೆಲ್ಲ ಪ್ರತಿ ಎಷ್ಟೇ ಆದರೂ ಅಷ್ಟೇ. ಮುಂದಿನ ಸಾವಿರಕ್ಕೆ ತಗಲುವುದು ಬಹುಮಟ್ಟಿಗೆ ಕಾಗದದ ಖರ್ಚು. ಹೀಗಾಗಿ ಒಂದೇ ಸಲ 4000 ಮಾಡಿಸಿದರೆ ಪ್ರತಿಯೊಂದರ ಬೆಲೆ ಇಳಿಯುತ್ತದೆ. 3000 ಮಾಡಿಸಿ ಸಾಲದೆ ಮತ್ತೆ 1000ಕ್ಕೆ ಹೋದರೆ ಯಂತ್ರ ಹೊಂದಿಸುವ ಕೂಲಿಯನ್ನು, ಪ್ಲೇಟು ಎತ್ತಿಟ್ಟಿರದಿದ್ದರೆ ಅದರ ಬೆಲೆಯನ್ನೂ, ಇನ್ನೊಮ್ಮೆ ತೆರಬೇಕು.

ಗಡುವನ್ನು ಹಿಂದಿನಿಂದ ಎಣಿಸಬೇಕು. ಶಿಬಿರ 22ಕ್ಕೆ, ಜನರಿಗೆ ಒಂದು ವಾರ ಮುಂಚೆ ತಿಳಿಯಬೇಕು, ಹಾಗಾಗಿ 15. ಭಾನುವಾರ ನಸುಕಿನಲ್ಲಿ ಪತ್ರಿಕೆಗಳ ಒಳಗೆ ಸೇರಬೇಕಾದ ಕಟ್ಟುಗಳು ಶನಿವಾರ ಸಂಜೆಯೇ ಏಜೆಂಟರ ಬಳಿ ಇರಬೇಕು. ಶುಕ್ರವಾರ ಸಂಜೆ ಎಂದು ಬರೆದರೆ ಒಂದು ದಿನದ ಆಸರೆ ಸಿಗುತ್ತದೆ. ಪ್ರೆಸ್ಸಿನ ಕಡೆಯಿಂದ ನೋಡಿದರೆ, ಮಂಗಳವಾರ ಪ್ರೂಫ್ ಒಪ್ಪಿಗೆಯಾದರೆ ಬುಧವಾರ ಪ್ಲೇಟು. ಎಷ್ಟೋ ಸಣ್ಣ ಪ್ರೆಸ್ಸುಗಳಿಗೆ ಪ್ಲೇಟು ದೊಡ್ಡ ಊರಿನಿಂದ ಮಾಡಿಸಿ ತರಿಸಬೇಕಾಗುತ್ತದೆ. ಅಂದು ಸಂಜೆ ಒಂದು ಬದಿ ಅಚ್ಚು, ರಾತ್ರಿ ಒಣಗಲು ಬಿಟ್ಟು ಗುರುವಾರ ಇನ್ನೊಂದು ಬದಿ, ಶುಕ್ರವಾರ ಬೆಳಿಗ್ಗೆ ಕಟಿಂಗ್. ಒಣಗುವ ಈ ಹೊತ್ತನ್ನು ಕಸಿದುಕೊಂಡರೆ ಒಂದು ಹಾಳೆಯ ಮಸಿ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ನವೆಂಬರ್ ಪೂರ್ತಿ ರಾಜ್ಯೋತ್ಸವದ ಆಮಂತ್ರಣಗಳು ಸರದಿಯಲ್ಲಿ ಇರುತ್ತವೆ. "ಬೇಗ" ಎಂದವರ ಕೆಲಸಕ್ಕಿಂತ ತಾರೀಕು, ಗಂಟೆ, ಕಾರಣ ಬರೆದವರ ಕೆಲಸವನ್ನು ಸರದಿಯಲ್ಲಿ ಕೂರಿಸುವುದು ಮಾಲೀಕರಿಗೆ ಸುಲಭ.

ಇಷ್ಟೆಲ್ಲ ದಿನಗಳಲ್ಲಿ ಹೆಚ್ಚು ಜಾರುವುದು ಪ್ರೂಫಿನ ದಿನ, ಅದೂ ನಮ್ಮಿಂದಲೇ. ಕಮಿಟಿಯ ನಾಲ್ಕು ಜನ ನಾಲ್ಕು ತಿದ್ದುಪಡಿ ಫೋನಿನಲ್ಲಿ ಹೇಳಿದರೆ ಯಾವುದು ಕೊನೆಯದೆಂದು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಚೀಟಿಯಲ್ಲಿ ಸಹಿ ಒಬ್ಬರದೇ ಎಂದು ಬರೆದದ್ದು. ಕನ್ನಡಕ್ಕೆ ವಿಶೇಷವಾದ ಒಂದು ತೊಂದರೆಯೂ ಇಲ್ಲಿದೆ. ನಾವು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವುದು ಯೂನಿಕೋಡ್. ಹಲವು ಪ್ರೆಸ್ಸುಗಳಲ್ಲಿ ಪುಟ ಕಟ್ಟುವುದು ಇನ್ನೂ ನುಡಿ, ಶ್ರೀಲಿಪಿಯಂಥ ಹಳೆಯ ಅಕ್ಷರಶೈಲಿಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ ಕಳಚುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಪ್ರೂಫ್ ನೋಡುವಾಗ ಮೊದಲು ಹೆಸರುಗಳು, ತಾರೀಕು ಮತ್ತು ವಾರ, ಸ್ಥಳ. ಆಮೇಲೆ ಫೋನ್ ನಂಬರನ್ನು ಅಲ್ಲಿಂದಲೇ ಒತ್ತಿ ಕರೆ ಮಾಡಿ ನೋಡಬೇಕು.

ಚುನಾವಣೆಯ ಕರಪತ್ರವಾದರೆ ಚೀಟಿ ಇಷ್ಟಕ್ಕೆ ಮುಗಿಯುವುದಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರ ಮೇಲೆ ಇರಲೇಬೇಕು. ಅಚ್ಚು ಹಾಕಿಸುವವರು ತಾವು ಯಾರೆಂಬ ಘೋಷಣೆಗೆ ಸಹಿ ಹಾಕಿ, ತಮ್ಮನ್ನು ಬಲ್ಲ ಇಬ್ಬರಿಂದ ದೃಢೀಕರಿಸಿ, ಎರಡು ಪ್ರತಿ ಪ್ರೆಸ್ಸಿಗೆ ಕೊಡಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಕಾಗದವಿಲ್ಲದೆ ಕೆಲಸ ಹಿಡಿಯಲು ಪ್ರೆಸ್ಸಿನವರು ಹಿಂಜರಿದರೆ ಅವರದು ತಪ್ಪಲ್ಲ.

ಚೀಟಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ದರ ಬರೆಸಿ ಪ್ರೆಸ್ಸಿನವರ ಸಹಿ ಪಡೆದು ಇಟ್ಟುಕೊಳ್ಳಿ. ಇನ್ನೊಂದು ಪ್ರೆಸ್ಸಿನಲ್ಲಿ ದರ ಕೇಳುವುದಾದರೂ ಇದೇ ಚೀಟಿ ತೋರಿಸಿ. ಎರಡು ದರಗಳನ್ನು ಹೋಲಿಸಲು ಬರುವುದು ಆಗ ಮಾತ್ರ. ಮಾಲು ಬಂದಾಗ ಮೇಲಿನ ಕಟ್ಟೊಂದನ್ನೇ ನೋಡಿ ಸುಮ್ಮನಾಗಬೇಡಿ, ನಡುವಿನ ಕಟ್ಟು ಬಿಚ್ಚಿ ಹಾಳೆಗಳ ಎರಡೂ ಬದಿ ತಿರುವಿಹಾಕಿ. ಒಂದು ಕಟ್ಟನ್ನು ಕೈಯಾರೆ ಎಣಿಸಿ, ಅಂಥ ಹತ್ತು ಕಟ್ಟನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ ತೂಗಿ. ಈ ಅಳತೆಯ ಸಾವಿರ ಪ್ರತಿ 70 ಜಿಎಸ್‌ಎಂ ಕಾಗದದಲ್ಲಿ ಸುಮಾರು ಎರಡು ಕಿಲೊ 100 ಗ್ರಾಂ ತೂಗಬೇಕು. ಒಂದು ಕಿಲೊ 800 ಗ್ರಾಮಿನ ಆಸುಪಾಸು ನಿಂತರೆ ಬಂದಿರುವುದು 60ರ ಕಾಗದ. ಸಹಿಯಾದ ಚೀಟಿ ಹಿಡಿದು ದರ ಕಡಿಮೆ ಮಾಡಿಸಿಕೊಳ್ಳಬಹುದು.