ಕಹಿ ಸುದ್ದಿ ತಿಳಿಸುವ ಆರು ಹೆಜ್ಜೆಗಳು

ವೈದ್ಯ ವಿದ್ಯಾರ್ಥಿಗಳ ‘ಆಸ್ಕಿ’ ಪರೀಕ್ಷೆಯಲ್ಲಿ ಕಹಿ ಸುದ್ದಿ ತಿಳಿಸುವುದಕ್ಕೆಂದೇ ಒಂದು ಸ್ಟೇಷನ್ ಇರುವುದುಂಟು. ತರಬೇತಿ ಪಡೆದವರು ರೋಗಿಯ ಪಾತ್ರ ವಹಿಸುತ್ತಾರೆ. ಪರೀಕ್ಷಕರು ಗಮನಿಸಿ ಅಂಕ ಕೊಡುತ್ತಾರೆ. ಇದರ ಅಭ್ಯಾಸಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವುದು ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ‘ಸ್ಪೈಕ್ಸ್’ ಎಂಬ ಆರು ಹೆಜ್ಜೆಗಳ ಕ್ರಮ.

ಸ್ತನದ ಗಂಟಿನ ಬಯಾಪ್ಸಿ ವರದಿಗೆ ಬಂದ ಮಹಿಳೆಯ ಪ್ರಸಂಗವನ್ನು ನೋಡಬಹುದು. ವಿದ್ಯಾರ್ಥಿ ಮೊದಲು ಬಾಗಿಲು ಮುಚ್ಚಿ, ಫೋನ್ ಬದಿಗಿಟ್ಟು, ಎದುರು ಕುಳಿತುಕೊಳ್ಳಬೇಕು. ಎರಡನೆಯದು, ‘ಈ ಪರೀಕ್ಷೆ ಯಾಕೆ ಮಾಡಿದ್ದು ಅಂತ ನಿಮಗೆ ಗೊತ್ತಿದೆಯಾ, ಅಮ್ಮ?’ ಎಂದು ಆಕೆಯ ತಿಳಿವಳಿಕೆಯನ್ನು ಅರಿಯುವುದು. ಮೂರನೆಯದು, ಎಷ್ಟು ವಿವರ ಬೇಕು, ಜೊತೆಗೆ ಯಾರಾದರೂ ಇರಬೇಕೇ ಎಂದು ಕೇಳುವುದು. ನಾಲ್ಕನೆಯದು ಸುದ್ದಿ: ‘ವರದಿ ನಾವು ಅಂದುಕೊಂಡಷ್ಟು ಚೆನ್ನಾಗಿಲ್ಲ’ ಎಂಬ ಮುನ್ಸೂಚನೆ, ಕ್ಷಣಕಾಲದ ಬಿಡುವು, ಆಮೇಲೆ ‘ಇದು ಕ್ಯಾನ್ಸರ್’ ಎಂಬ ನೇರ ಮಾತು. ‘ಗೆಡ್ಡೆ’, ‘ಬೆಳವಣಿಗೆ’ ಎಂದು ಮರೆಮಾಚಿದರೆ ರೋಗಿ ತಪ್ಪಾಗಿ ತಿಳಿಯುವ ಸಂಭವವಿದೆ.

ಹೆಚ್ಚಿನವರು ಎಡವುವುದು ಐದನೆಯ ಹೆಜ್ಜೆಯಾದ ಭಾವನೆಗೆ ಸ್ಪಂದಿಸುವುದರಲ್ಲಿ. ಮೌನ ಸಹಿಸಲಾಗದೆ ವಿದ್ಯಾರ್ಥಿ ತಕ್ಷಣ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಎಂದು ಶುರುಮಾಡುತ್ತಾನೆ. ಆಘಾತದಲ್ಲಿರುವ ರೋಗಿಗೆ ಅದೊಂದೂ ನಾಟುವುದಿಲ್ಲ. ಆಕೆ ಮತ್ತೆ ಅದೇ ಪ್ರಶ್ನೆ ಕೇಳಿದರೆ ಅವಸರವಾಯಿತೆಂದೇ ಅರ್ಥ. ಆಕೆ ಅಳು ಮುಗಿಸುವವರೆಗೆ ಕಾದು, ‘ಇದನ್ನು ಕೇಳುವುದು ಕಷ್ಟ’ ಎಂದರೆ ಸಾಕು.

ಕೊನೆಯ ಹೆಜ್ಜೆ, ಮುಂದಿನ ಭೇಟಿಯ ದಿನ ಗೊತ್ತುಮಾಡಿ, ಆಕೆಗೆ ಅರ್ಥವಾದದ್ದನ್ನು ಆಕೆಯ ಬಾಯಲ್ಲೇ ಕೇಳುವುದು. ಆರು ಹೆಜ್ಜೆಗಳನ್ನು ಬಾಯಿಪಾಠದಂತೆ ಒಪ್ಪಿಸುವವರಿಗಿಂತ ರೋಗಿಯ ಮುಖ ನೋಡಿ ನಿಲ್ಲಬಲ್ಲವರೇ ಈ ಸ್ಟೇಷನ್‌ನಲ್ಲಿ ನಿಜವಾಗಿ ಉತ್ತೀರ್ಣರು.