ಮೂವತ್ತು ಕಲ್ಲು ಯಾಕೆ ಅಂತ ಯಾರೂ ಕೇಳಲಿಲ್ಲ

ಬಿ.ಎಡ್. ಓದುವ ಹುಡುಗ ಹುಡುಗಿಯರು ಇಂಟರ್ನ್‌ಶಿಪ್‌ಗೆ ಅಂತ ಶಾಲೆಗಳಿಗೆ ಹೋದಾಗ ದಿನವೂ ಒಂದು ಜರ್ನಲ್ ಬರೆಯಬೇಕು. ಪಾಠ ಹೇಗಾಯ್ತು, ಏನು ಎಡವಿದೆ, ಯಾಕೆ ಎಡವಿದೆ ಅಂತ ತಾನೇ ಯೋಚಿಸಿ ಬರೆಯುವ ಪುಸ್ತಕ ಅದು. 2014ರ ನಿಯಮಗಳ ನಂತರ ಕೋರ್ಸ್ ಎರಡು ವರ್ಷದ್ದಾಗಿ, ಶಾಲೆಯಲ್ಲಿ ಕಳೆಯುವ ದಿನಗಳು ಹೆಚ್ಚಾದವು. ಜರ್ನಲ್‌ಗಳೂ ದಪ್ಪವಾದವು. ಅವನ್ನು ಓದಿ ಅಂಕ ಹಾಕುವುದು ಗಣಿತ ಬೋಧನೆ ಕಲಿಸುವ ನನ್ನ ಕೆಲಸ.

ನಿಜ ಹೇಳಬೇಕೆಂದರೆ, ಬಹಳ ವರ್ಷ ನಾನು ಅವನ್ನು ಓದಲೇ ಇಲ್ಲ, ನೋಡಿದೆ ಅಷ್ಟೇ. ಸ್ಕೆಚ್ ಪೆನ್ನಿನ ಬಾರ್ಡರ್, ಕೆಂಪು ಶಾಯಿಯ ತಲೆಬರಹ, ದುಂಡನೆಯ ಅಕ್ಷರ. ಒಳಗೆ ಎಲ್ಲರದ್ದೂ ಒಂದೇ ಸಾಲು: ‘ಇಂದಿನ ಪಾಠ ಸಂವಾದಾತ್ಮಕವಾಗಿತ್ತು. ವಿದ್ಯಾರ್ಥಿಗಳು ಉತ್ಸಾಹದಿಂದ ಭಾಗವಹಿಸಿದರು. ಕೆಲವು ನ್ಯೂನತೆಗಳಿದ್ದು ಮುಂದೆ ಸರಿಪಡಿಸಿಕೊಳ್ಳುವೆ.’ ಹಳೇ ಬ್ಯಾಚಿನವರ ಪುಸ್ತಕ ಕೈಯಿಂದ ಕೈಗೆ ಬಂದು, ಆ ಸಾಲುಗಳೂ ಹಾಗೇ ಬಂದಿರುತ್ತವೆ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ಅಪ್ರೈಸಲ್ ಫಾರ್ಮ್ ತುಂಬುವವರಿಗೆ ಈ ಭಾಷೆಯ ಪರಿಚಯ ಚೆನ್ನಾಗಿಯೇ ಇರುತ್ತದೆ.

ಆ ರೂಢಿ ಬಿಡಿಸಿದ್ದು ಸೇಡಂ ತಾಲೂಕಿನ ಕೋಡ್ಲಾದ ಒಬ್ಬ ಹುಡುಗಿಯ ಜರ್ನಲ್. ಅದರಲ್ಲಿ ಬಾರ್ಡರ್ ಇರಲಿಲ್ಲ. ‘ವಿದ್ಯಾರ್ತಿ’ ಅಂತ ಬರೆದಿದ್ದಳು, ಮಹಾಪ್ರಾಣಗಳೆಲ್ಲ ಮಾಯ. ಊರಿನ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಏಳನೇ ತರಗತಿಗೆ ವಿಸ್ತೀರ್ಣದ ಪಾಠ ಮಾಡಿದ ದಿನ ಅವಳು ಬರೆದದ್ದು ಮಾತ್ರ ಅದೇ ಹಳೇ ಸಾಲು, ‘ಸಂವಾದಾತ್ಮಕವಾಗಿತ್ತು’. ಆ ದಿನ ತರಗತಿಯ ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಹಾಳೆ ಹಿಡಿದು ನಾನೇ ಕೂತಿದ್ದೆ. ಹಾಗಾಗಿ ಅಲ್ಲಿ ನಡೆದದ್ದು ನನಗೆ ನೆನಪಿತ್ತು.

ಅವಳು ಕೊಟ್ಟ ಲೆಕ್ಕ ಚೆನ್ನಾಗಿತ್ತು. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಸಾಮಾನ್ಯ. ‘11 ಅಡಿ ಉದ್ದ, 9 ಅಡಿ ಅಗಲದ ಕೋಣೆ ಅದ. ಎರಡಡಿಗೆ ಎರಡಡಿ ಕಲ್ಲು ಎಷ್ಟು ಬೇಕು?’ ಅಂತ ಕೇಳಿದಳು. ಪುಸ್ತಕದ ದಾರಿ ಸುಲಭ. ಕೋಣೆ 99 ಚದರಡಿ, ಒಂದು ಕಲ್ಲು 4 ಚದರಡಿ. ಭಾಗಿಸಿದರೆ 24.75, ಅಂದರೆ 25 ಕಲ್ಲು. ಅಷ್ಟರಲ್ಲಿ ಕೊನೇ ಸಾಲಿನ ಹುಡುಗನೊಬ್ಬ, ಪಾಟಿಯನ್ನೂ ಮುಟ್ಟದೆ, ‘ಮೂವತ್ತು ಬೇಕ್ರಿ’ ಅಂದ. ಇವಳು, ‘ತಪ್ಪು, ಕುಂದ್ರು’ ಅಂದು ಮುಂದಿನವಳ ಕಡೆ ತಿರುಗಿದಳು. ನಾನು ಹಾಳೆಯಲ್ಲಿ ‘ಸಮಯಪಾಲನೆ ಉತ್ತಮ’ ಅಂತ ಬರೆದೆ.

ಸಂಜೆ ಜರ್ನಲ್ ಕೈಗೆ ಬಂದಾಗ ಏನೋ ಕೊರೆಯಿತು. ಕಾಗುಣಿತಕ್ಕೆ ಕೈಹಾಕಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದೆ: ‘ಆ ಹುಡುಗನಿಗೆ 30 ಎಲ್ಲಿಂದ ಬಂತು?’

ಎರಡು ದಿನ ಬಿಟ್ಟು ಪುಸ್ತಕ ಬಂತು. ಆ ಪುಟ ಗ್ರಾಂಥಿಕ ಕನ್ನಡ ಬಿಟ್ಟು ಅವಳದೇ ಮಾತಿಗೆ ಇಳಿದಿತ್ತು. ‘ಗೊತ್ತಿಲ್ಲ. ನಾ ಕೇಳಿಲ್ಲ. ಹಿಂದ ಸರ್ ಕುಂತಿದ್ರು, ಗಡಿಯಾರ ನೋಡ್ಲತ್ತಿದ್ರು. ಅವನಿಗಿ ಯಾಕ ಅಂತ ಕೇಳಿದ್ರ ಪಾಠ ಮುಗಿಯಲ್ಲ ಅನಿಸ್ತು. ಅದಕ್ಕ ತಪ್ಪು ಅಂದೆ. ಖರೆ ಹೇಳಬೇಕಂದ್ರ ಅವ ಯಾವಾಗಲೂ ಹಿಂದ ಕೂಡ್ತಾನ, ತೊಗರಿ ರಾಶಿ ಟೈಮಿನಾಗ ಸಾಲಿಗಿ ಬಂದಿಲ್ಲ. ಅದಕ್ಕ ಅವನ ಉತ್ತರ ತಪ್ಪೇ ಇರ್ತದ ಅಂತ ಮೊದಲೇ ತಿಳ್ಕೊಂಡಿದ್ದೆ.’

ಓದಿ ಒಂದು ಗಳಿಗೆ ಸುಮ್ಮನೆ ಕೂತೆ. ಅಂಕ ಹಾಕುವವನ ಕೈಗೇ ಕೊಡುವ ಪುಸ್ತಕದಲ್ಲಿ, ‘ನೀವು ಗಡಿಯಾರ ನೋಡುತ್ತಿದ್ದಿರಿ’ ಅಂತ ಬರೆಯೋದು ಸಣ್ಣ ಮಾತಲ್ಲ.

ಜರ್ನಲ್ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಲು ಹ್ಯಾಟನ್ ಮತ್ತು ಸ್ಮಿತ್ ಎಂಬಿಬ್ಬರು 1995ರಲ್ಲಿ ನಾಲ್ಕು ಮೆಟ್ಟಿಲು ಗುರುತಿಸಿದ್ದರು. ಪಾಠದ ಹಾಗೆ ಹೇಳಿದರೆ ಒಣ ಒಣ ಅನಿಸುತ್ತದೆ, ಇದೇ ಹುಡುಗನನ್ನು ಇಟ್ಟುಕೊಂಡು ನೋಡಿ. ‘ಒಬ್ಬ 30 ಅಂದ, ತಪ್ಪು ಎಂದೆ’ ಎಂದಷ್ಟೇ ಬರೆದರೆ ಅದು ಬರೀ ವರದಿ. ‘ಸಮಯ ಸಾಲದು ಅಂತ ಹಾಗೆಂದೆ’ ಎಂದರೆ ಕಾರಣ ಸೇರಿತು, ಆದರೆ ಇನ್ನೂ ತನ್ನ ಕಡೆಯ ಕಾರಣ ಮಾತ್ರ. ‘ಅವನ ಕಡೆಯಿಂದ ನೋಡಿದರೆ 30 ಹೇಗೆ ಸರಿ ಇರಬಹುದು’ ಅಂತ ತನ್ನೊಡನೆ ತಾನೇ ವಾದಕ್ಕಿಳಿದರೆ ಮೂರನೇ ಮೆಟ್ಟಿಲು. ‘ಯಾರ ಉತ್ತರವನ್ನು ನಾನು ಕೇಳಿಸಿಕೊಳ್ಳುತ್ತೇನೆ, ಯಾರದನ್ನು ಬಿಡುತ್ತೇನೆ, ಅದಕ್ಕೂ ಅವರ ಮನೆ, ಕೆಲಸ, ಹಾಜರಿಗೂ ಏನು ಸಂಬಂಧ’ ಎಂದು ಕೇಳಿಕೊಳ್ಳುವುದು ನಾಲ್ಕನೆಯದು. ಕೋಡ್ಲಾದ ಹುಡುಗಿ ಮೂರನೆಯದನ್ನು ದಾಟದೆಯೇ ನಾಲ್ಕನೆಯದರ ಅಂಚಿಗೆ ಬಂದಿದ್ದಳು. ತನ್ನ ಮನಸ್ಸಿನ ಪೂರ್ವಗ್ರಹ ಒಪ್ಪಿಕೊಂಡಿದ್ದಳು, ಆದರೆ 30ರ ಗುಟ್ಟು ಇನ್ನೂ ಅವಳಿಗೆ ಗೊತ್ತಿರಲಿಲ್ಲ.

ಇಲ್ಲೇ ನಾವು ಮೋಸಹೋಗೋದು. ಒಪ್ಪಿಕೊಂಡ ತಕ್ಷಣ ಕರಗಿ ಹತ್ತಕ್ಕೆ ಹತ್ತು ಕೊಟ್ಟುಬಿಟ್ಟರೆ, ಮುಂದಿನ ವರ್ಷ ಎಲ್ಲರೂ ಕಣ್ಣೀರಿನ ಜರ್ನಲ್ ಬರೆಯುತ್ತಾರೆ. ‘ನಾನು ತಪ್ಪು ಮಾಡಿದೆ, ಮನಸ್ಸು ನೊಂದಿತು’ ಎಂಬುದೂ ಕಾಪಿ ಹೊಡೆಯಬಹುದಾದ ಸಾಲೇ. ಒಬ್ಬರ ಎದೆಯೊಳಗಿನ ಪ್ರಾಮಾಣಿಕತೆ ಅಳೆಯಲು ನನ್ನ ಹತ್ತಿರ ತಕ್ಕಡಿ ಇಲ್ಲ. ಅದು ಬಿಟ್ಟುಹೋದ ಗುರುತು ಹುಡುಕಬಹುದು ಅಷ್ಟೇ. ಆ ತರಗತಿಯಲ್ಲಿದ್ದವರಿಗೆ ಮಾತ್ರ ಗೊತ್ತಿರುವ ವಿವರ ಇದೆಯಾ? ಬರೆದವರಿಗೇ ಇರುಸುಮುರುಸಾಗುವ ಮಾತು ಇದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಪಾಠಯೋಜನೆ ಬದಲಾಗಿದೆಯಾ? ಅದಕ್ಕೇ ನಾನೀಗ ಜರ್ನಲನ್ನು ಒಂಟಿಯಾಗಿ ಓದುವುದಿಲ್ಲ, ಪಕ್ಕದಲ್ಲಿ ಮರುವಾರದ ಪಾಠಯೋಜನೆ ತೆರೆದಿಟ್ಟುಕೊಳ್ಳುತ್ತೇನೆ. ಜರ್ನಲಿನಲ್ಲಿ ಪಶ್ಚಾತ್ತಾಪ ಇದ್ದು ಯೋಜನೆಯಲ್ಲಿ ಏನೂ ಕದಲದಿದ್ದರೆ ಅದು ಬರೀ ಬರವಣಿಗೆ.

ಅವಳ ಯೋಜನೆ ಬದಲಾಗಿತ್ತು. ಸೋಮವಾರದ ಪಾಠದ ಮೊದಲ ಹತ್ತು ನಿಮಿಷಕ್ಕೆ, ‘ಅವನಿಗಿ ಕೇಳೋದು’ ಅಂತ ಬರೆದಿದ್ದಳು. ಬೋಧನೋದ್ದೇಶದ ಕಾಲಂನಲ್ಲಿ ಅಂಥ ವಾಕ್ಯ ನಾನೆಂದೂ ಕಂಡಿರಲಿಲ್ಲ.

ಹುಡುಗನ ಅಪ್ಪ ಕಲ್ಲು ಹಾಸುವ ಕೆಲಸದವನು. ರಜೆಯಲ್ಲಿ ಹುಡುಗನೂ ಜೊತೆಗೆ ಹೋಗುತ್ತಾನೆ. ಅವನು ಸೀಮೆಸುಣ್ಣ ತಗೊಂಡು ನೆಲದ ಮೇಲೇ ಗೀಚಿ ತೋರಿಸಿದನಂತೆ. 11 ಅಡಿಗೆ ಐದು ಇಡೀ ಕಲ್ಲು ಹೋಗಿ ಒಂದಡಿ ಉಳಿಯುತ್ತದೆ, ಅಲ್ಲಿಗೆ ಆರನೆಯದನ್ನು ಕತ್ತರಿಸಬೇಕು. 9 ಅಡಿಗೆ ನಾಲ್ಕು ಹೋಗಿ ಮತ್ತೆ ಒಂದಡಿ, ಅಲ್ಲಿ ಐದನೆಯದು. ‘ಸಾಲಿಗಿ ಆರು, ಐದು ಸಾಲು, ಮೂವತ್ತು. ಕೊಯ್ದಾಗ ಒಡದ್ರ ಆ ಕಲ್ಲು ಹೋಯ್ತಲ್ರಿ.’

ಸಾಮಾನ್ಯವಾಗಿ ಜರ್ನಲ್ ಇಲ್ಲಿಗೆ ನಿಂತುಬಿಡುತ್ತದೆ, ‘ಮಗುವಿನ ಅನುಭವಜ್ಞಾನಕ್ಕೆ ತಲೆಬಾಗಿದೆ’ ಅಂತ ಒಂದು ಸಾಲಿನೊಂದಿಗೆ. ಇವಳು ನಿಲ್ಲಲಿಲ್ಲ. ಹಾಗಾದರೆ ಪುಸ್ತಕದ 25 ಸುಳ್ಳಾ ಅಂತ ತಲೆಕೆಡಿಸಿಕೊಂಡು ರಾತ್ರಿ ಕಾಗದ ಕತ್ತರಿಸಿ ನೋಡಿದ್ದಾಳೆ. 20 ಇಡೀ ಕಲ್ಲು 10 ಅಡಿಗೆ 8 ಅಡಿ ಜಾಗ ತುಂಬುತ್ತವೆ. ಉಳಿಯುವುದು ಎರಡು ಬದಿಯ ಒಂದಡಿ ಪಟ್ಟಿ. ಅದಕ್ಕೆ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಐದು, ಒಟ್ಟು ಒಂಬತ್ತು ಅರ್ಧ ಕಲ್ಲು ಬೇಕು, ಮೂಲೆಗೆ ಒಂದು ಕಾಲು ತುಂಡು. ಐದು ಕಲ್ಲು ಕೊಯ್ದರೆ ಹತ್ತು ಅರ್ಧ ಸಿಗುತ್ತವೆ. ಒಂಬತ್ತು ಪಟ್ಟಿಗೆ ಹೋದವು, ಹತ್ತನೆಯದರಲ್ಲಿ ಮೂಲೆಯ ತುಂಡು ಬಂತು. 25ಕ್ಕೆ ಸರಿಹೋಗುತ್ತದೆ, ಒಂದೂ ಕಲ್ಲು ಒಡೆಯದಿದ್ದರೆ. ಅವಳು ಬರೆದಳು: ‘25 ಕಾಗದದಾಗ ಸರಿ. 30 ಕೊಳ್ಳಾಕ ಹೋದಾಗ ಸರಿ. ಪರೀಕ್ಷಾದಾಗ 25 ಬರಿ ಅಂತ ಹೇಳಬೇಕಾಗ್ತದ, ಅದಕ್ಕ ಅವನಿಗಿ ಏನ್ ಹೇಳಲಿ ಅಂತ ತಿಳೀವಲ್ದು. ಅವನ ಲೆಕ್ಕನೂ ಲೆಕ್ಕೇ.’

ಉತ್ತರ ಸಿಗದ ಪ್ರಶ್ನೆಯನ್ನು ಹಾಗೇ ಬಿಟ್ಟದ್ದು ನನಗೆ ಈ ಇಡೀ ಪುಸ್ತಕದಲ್ಲಿ ಅತಿ ಗಟ್ಟಿ ಜಾಗ ಅನಿಸಿತು. ಅಂಕ ಕೊಟ್ಟಿದ್ದೂ ಅದಕ್ಕೇ.

ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ಪುಸ್ತಕ ತಿರುವಿ, ‘ಮಾಸ್ತರಾಗೋಳು ವಿದ್ಯಾರ್ಥಿ ಅಂತ ಬರೀಲಿಕ್ಕೆ ಬರಲಿಲ್ಲ ಅಂದ್ರ ಹೆಂಗ್ರಿ?’ ಅಂದರು. ಮಾತು ಸುಳ್ಳಲ್ಲ. ಬೋರ್ಡಿನ ಮೇಲೆ ತಪ್ಪು ಬರೆದರೆ ಮಕ್ಕಳೂ ತಪ್ಪೇ ಕಲಿಯುತ್ತಾರೆ. ಅದಕ್ಕೆ ಕಾಗುಣಿತವನ್ನು ಪಾಠಯೋಜನೆಯಲ್ಲಿ, ಬೋರ್ಡ್ ಬರಹದಲ್ಲಿ ಗಟ್ಟಿಯಾಗಿಯೇ ತಿದ್ದುತ್ತೇನೆ. ಜರ್ನಲಿನಲ್ಲಿ ತಿದ್ದಿದರೆ, ಮುಂದಿನ ಸಲ ಅವಳು ಬರಿಯೋದು ತಪ್ಪಾಗದ ಪದಗಳನ್ನು ಮಾತ್ರ. ಅಂಥವು ಹಳೇ ಬ್ಯಾಚಿನ ಪುಸ್ತಕದಲ್ಲಿ ಬೇಕಾದಷ್ಟಿವೆ.

ಒಂದು ಜಾಗದಲ್ಲಿ ಮಾತ್ರ ಅವಳ ಬರಹಕ್ಕೆ ಕೈಹಾಕಿದೆ. ಹುಡುಗನ ಪೂರ್ತಿ ಹೆಸರು, ಅವನ ಮನೆಯೊಳಗಿನ ಒಂದು ಜಗಳದ ವಿಷಯ ಬರೆದಿದ್ದಳು. ಈ ಪುಸ್ತಕ ನನ್ನ ನಂತರ ಇನ್ನೂ ಎರಡು ಮೂರು ಕೈ ದಾಟುತ್ತದೆ. ಪ್ರಾಮಾಣಿಕವಾಗಿರಬೇಕಾದ್ದು ತನ್ನ ಬಗ್ಗೆ, ಪರರ ಮನೆಯ ಬಗ್ಗೆ ಅಲ್ಲ. ಹೆಸರಿಗೆ ಬದಲು ಒಂದು ಅಕ್ಷರ ಹಾಕಿ, ಜಗಳದ ಸಾಲು ತೆಗೆ ಅಂದೆ. ತೆಗೆದಳು.

ಕೊನೆಯ ವಾರ ಪುಸ್ತಕ ಒಪ್ಪಿಸಲು ಬಂದಾಗ, ‘ಸರ್, ಫೇರ್ ಮಾಡಿ ಬರೀಲೇನ್ರಿ? ಎಲ್ಲರದೂ ಛಂದ ಅದಾವ್ರಿ’ ಅಂತ ಕೇಳಿದಳು. ಬ್ಯಾಡ ಅಂದೆ. ಪೆನ್ಸಿಲಿನ ಪ್ರಶ್ನೆಗಳನ್ನೂ ಅಳಿಸಬೇಡ ಅಂದೆ. ಅವಳು ಹೋದ ಮೇಲೆ ಪುಟ ತಿರುವಿದರೆ, ಗಡಿಯಾರದ ಸಾಲಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದಿದ್ದಳು. ಅಳಿಸಿರಲಿಲ್ಲ, ಓದಲು ಬರುವಷ್ಟು ತೆಳ್ಳಗಿನ ಗೆರೆ. ಯಾರೋ ಗೆಳತಿ ಹೆದರಿಸಿರಬೇಕು, ಅಥವಾ ಅವಳಿಗೇ ಕಡೆಗೆ ಧೈರ್ಯ ಸಾಲಲಿಲ್ಲ.

ಆ ಗೆರೆಯ ಕೆಳಗೆ ಪೆನ್ಸಿಲಿನಿಂದ ಬರೆದು ಸಹಿ ಹಾಕಿದೆ: ‘ಈ ಸಾಲು ಇರಲಿ. ಅವತ್ತು 30 ನನಗೂ ಕೇಳಿಸಿತ್ತು. ನಾನೂ ಕೇಳಲಿಲ್ಲ.’