ಡಿಎಂಎ ಇದ್ದರೂ ಸ್ಯಾಂಪಲ್ ಯಾಕೆ ಕೆಟ್ಟವು?

ಕೆಜಿಎಫ್ ಗಣಿಯಲ್ಲಿ ಆಳದ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಈಗಿನ ನೆಲದ ಕಂಪನ ಅಳೆಯೋಣ ಅಂತ ಆಂಡರ್ಸನ್‌ಪೇಟೆಯ ಮನೆಯೊಂದರಲ್ಲಿ ನಾವು ಜಿಯೋಫೋನ್ ಇಟ್ಟೆವು.

ಸೆಕೆಂಡಿಗೆ 1000 ಸ್ಯಾಂಪಲ್. ಟೈಮರ್ ಹೇಳಿದಾಗ ಎಡಿಸಿ ಅಳೆಯುತ್ತದೆ. ಆ ಸಂಖ್ಯೆಯನ್ನು ಡಿಎಂಎ ತಾನೇ ಮೆಮೊರಿಗೆ ಹಾಕುತ್ತದೆ. ಪ್ರೊಸೆಸರ್‌ಗೆ ಕೆಲಸವಿಲ್ಲ. ನಮ್ಮ ಬಫರ್‌ನಲ್ಲಿ 200 ಜಾಗ. ಮೊದಲರ್ಧ ತುಂಬಿದಾಗ ಒಂದು ಇಂಟರಪ್ಟ್, ಪೂರ್ತಿ ತುಂಬಿದಾಗ ಇನ್ನೊಂದು. ತುಂಬಿದ ಅರ್ಧವನ್ನು ಪ್ರೊಸೆಸರ್ ಎಸ್‌ಡಿ ಕಾರ್ಡ್‌ಗೆ ಬರೆಯುವಷ್ಟರಲ್ಲಿ ಡಿಎಂಎ ಇನ್ನೊಂದು ಅರ್ಧ ತುಂಬುತ್ತಿರುತ್ತದೆ.

ಅಂದರೆ ಪ್ರೊಸೆಸರ್‌ಗೆ ಸಿಗೋದು 100 ಮಿಲಿಸೆಕೆಂಡ್ ಮಾತ್ರ. ಎಸ್‌ಡಿ ಕಾರ್ಡ್ ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ತಗೊಳ್ಳುತ್ತೆ. ಡಿಎಂಎ ಯಾರಿಗೂ ಕಾಯೋದಿಲ್ಲ; ಇನ್ನೂ ಬರೆಯದ ಸ್ಯಾಂಪಲ್ ಮೇಲೆ ಹೊಸದನ್ನು ಹಾಕಿಬಿಡುತ್ತದೆ. ಎರರ್ ಕೂಡ ಬರಲ್ಲ.

ಪರೀಕ್ಷೆಗೆ 10 ಹರ್ಟ್ಸ್ ಸೈನ್ ಅಲೆ ಕೊಟ್ಟಾಗ ಎಲ್ಲ ಸರಿ ಕಂಡಿತು. ಅಲ್ಲೇ ಮೋಸಹೋದೆವು: 200 ಮಿಲಿಸೆಕೆಂಡಿಗೆ ಸರಿಯಾಗಿ ಎರಡು ಸುತ್ತು, ಹಾಗಾಗಿ ಹಳೆಯದರ ಮೇಲೆ ಬಿದ್ದ ಹೊಸ ಸ್ಯಾಂಪಲ್ಲೂ ಹಾಗೇ ಇರುತ್ತದೆ. 7 ಹರ್ಟ್ಸ್ ಕೊಟ್ಟ ಕೂಡಲೇ ಅಲೆ ಅಲ್ಲಲ್ಲಿ ಮುರಿದು ಕಂಡಿತು.

ಬಫರ್ 1024ಕ್ಕೆ ಏರಿಸಿದೆವು. ಅರ್ಧಕ್ಕೆ 512 ಮಿಲಿಸೆಕೆಂಡ್ ಸಿಕ್ಕಿತು. ಖರ್ಚಾದದ್ದು 2 ಕಿಲೋಬೈಟ್ ಮೆಮೊರಿ. ಆಮೇಲೆ ಅಲೆ ಮುರಿಯಲಿಲ್ಲ.